‘ಅರಿ ಬಿದ್ದಿದೆ’: ತಾತನ ನಿಘಂಟಿನ ಕಥೆಯೊಂದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಕುವೆಂಪುನಗರದ ಕಥೆಗಾರ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ಸಣ್ಣಕಥೆಯನ್ನು ತಿದ್ದುತ್ತಿದ್ದೇನೆ. ಇಡೀ ಕಥೆ ಒಂದೇ ಪದದ ಮೇಲೆ ನಿಂತಿರುವುದರಿಂದ, ಆ ಪದ ಭಾರ ತಡೆಯುತ್ತದೆಯೇ ಎಂಬುದನ್ನು ಬಲ್ಲವರಿಂದ ತಿಳಿಯಬೇಕಾಗಿದೆ. ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಎಂಟನೆಯ ತರಗತಿಯ ಹುಡುಗ ಮೈಸೂರಿನಲ್ಲಿ ಬೆಳೆದವನು. ಅವನ ತಾತ ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಮಾಡಿಕೊಂಡು, ಊರಿನ ಪ್ರಾಥಮಿಕ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಅವರು ತೀರಿಕೊಂಡದ್ದು 1986ರ ಡಿಸೆಂಬರಿನಲ್ಲಿ, ಅಂದರೆ ಹುಡುಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಅವರ ಹಳೆಯ ನಿಘಂಟು ಮಾತ್ರ ಮನೆಯ ಅಟ್ಟದಲ್ಲಿ ಉಳಿದಿದೆ. ಹುಡುಗ ಒಂದು ದಿನ ಅದನ್ನು ಬಿಚ್ಚಿದಾಗ ಒಳಗೊಂದು ಚೀಟಿ ಸಿಗುತ್ತದೆ: “ಮೂಲೆಗದ್ದೆಯಲ್ಲಿ ಅರಿ ಬಿದ್ದಿದೆ. ತಮ್ಮನೇ ಎತ್ತಲಿ.”

ಹುಡುಗನಿಗೆ ಶಾಲೆಯಲ್ಲಿ ‘ಅರಿ’ ಎಂದರೆ ಶತ್ರು ಎಂದು ಕಲಿಸಿದ್ದಾರೆ, ಅರಿಷಡ್ವರ್ಗದ ಪಾಠ ಈಗಷ್ಟೇ ಆಗಿದೆ. ಹೀಗಾಗಿ ಗದ್ದೆಯಲ್ಲಿ ಯಾರೋ ಶತ್ರು ಸತ್ತು ಬಿದ್ದಿದ್ದಾನೆ, ಅವನನ್ನು ಹೊರುವ ಕೆಲಸವನ್ನು ತಾತ ತಮ್ಮನಿಗೆ ಬಿಟ್ಟಿದ್ದಾರೆ ಎಂದು ಅವನು ಹೆದರುತ್ತಾನೆ. ತಾತನ ತಮ್ಮನ ಮನೆಯೊಂದಿಗೆ ಇವರ ಮನೆಯವರಿಗೆ ಮಾತುಕತೆ ಇಲ್ಲದಿರುವುದು ಆ ಹೆದರಿಕೆಯನ್ನು ಹೆಚ್ಚಿಸುತ್ತದೆ. ಕೊನೆಗೆ ಅದೇ ನಿಘಂಟಿನಲ್ಲಿ ‘ಅರಿ’ಗೆ ಮತ್ತೊಂದು ಅರ್ಥ ಸಿಗುತ್ತದೆ: ಕೊಯ್ದು ನೆಲದ ಮೇಲೆ ಹಿಡಿಹಿಡಿಯಾಗಿ ಹಾಕಿದ ಪೈರು. ವ್ಯಾಜ್ಯದಲ್ಲಿದ್ದ ಮೂಲೆಗದ್ದೆಯ ಬೆಳೆಯನ್ನು ತಾತ ತಮ್ಮನಿಗೇ ಬಿಟ್ಟುಕೊಟ್ಟಿದ್ದರು, ಆ ಚೀಟಿ ಯಾರ ಕೈಗೂ ಸೇರಿರಲಿಲ್ಲ.

ಈ ತಿರುವು ನಂಬುವಂತಿದೆಯೇ? ನಿಘಂಟಿನಲ್ಲಿ ಆ ಅರ್ಥ ಎಲ್ಲಿ, ಹೇಗೆ ಸಿಗಬೇಕು?

ಪದಪ್ರಿಯ

ಕಥೆಯ ವಸ್ತು ಬಹಳ ಹಿಡಿಸಿತು. ನನ್ನದೊಂದು ಸಲಹೆಯಿದೆ. ‘ಅರಿ’ ಎಂದರೆ ಕತ್ತರಿಸು, ‘ಅರಿ’ ಎಂದರೆ ತಿಳಿ, ಇವೆರಡೂ ಮೂಲದಲ್ಲಿ ಒಂದೇ. ಸಿಕ್ಕಿದ್ದನ್ನು ಕತ್ತರಿಸಿ, ಬೇರ್ಪಡಿಸಿ ನೋಡುವುದೇ ಅರಿವು. ಹುಡುಗ ಪೈರಿನ ಅರ್ಥದಿಂದ ಅರಿವಿನ ಅರ್ಥಕ್ಕೆ ಹೋಗುವಂತೆ ಮಾಡಿದರೆ ಕಥೆಗೆ ಇನ್ನೊಂದು ಪದರ ಬರುತ್ತದೆ. ನಿಘಂಟಿನಲ್ಲಿ ಇವೆಲ್ಲ ಒಂದೇ ಉಲ್ಲೇಖದ ಕೆಳಗೆ ಒಂದು, ಎರಡು, ಮೂರು ಎಂದು ಇರುತ್ತವೆ.

ನಿವೃತ್ತ ಕನ್ನಡ ಅಧ್ಯಾಪಕಿ

ಪದಪ್ರಿಯ ಅವರ ಮಾತಿನಲ್ಲಿ ಅರ್ಧ ಸರಿಯಿದೆ. ಕತ್ತರಿಸುವ ‘ಅರಿ’ಯೂ ಗದ್ದೆಯಲ್ಲಿ ಮಲಗಿರುವ ‘ಅರಿ’ಯೂ ಒಂದೇ ಬೇರಿನವು. ಕೊಯ್ಯುವ ಕ್ರಿಯೆಯ ಹೆಸರು ಕೊಯ್ದ ಹಿಡಿಗೂ ನಿಂತಿದೆ. ಆದರೆ ತಿಳಿಯುವ ಅರಿ ಬೇರೆಯೇ ಪದ. ಹಳಗನ್ನಡದಲ್ಲಿ ಅದನ್ನು ‘ಅಱಿ’ ಎಂದು, ಇಂದು ನಮ್ಮ ವರ್ಣಮಾಲೆಯಿಂದ ಬಿಟ್ಟುಹೋಗಿರುವ ಶಕಟರೇಫದಿಂದ ಬರೆಯುತ್ತಿದ್ದರು. ಕತ್ತರಿಸುವ ಅರಿಗೆ ಸಾಮಾನ್ಯ ರಕಾರವೇ ಇತ್ತು. ಎರಡೂ ಧ್ವನಿಗಳು ಬಾಯಲ್ಲಿ ಒಂದಾದ ಮೇಲೆ ಬರಹದಲ್ಲೂ ಒಂದಾದವು, ಹೀಗಾಗಿ ನಮಗೆ ಇಂದು ಅವು ಒಂದೇ ಪದದಂತೆ ಕಾಣುತ್ತವೆ. ತಮಿಳಿನವರು ಇಂದಿಗೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಅಲ್ಲಿ ಅಱಿವು ಎಂದರೆ ತಿಳಿವಳಿಕೆ, ಅರಿವಾಳ್ ಎಂದರೆ ಕುಡುಗೋಲು. ನಮ್ಮಲ್ಲೂ ಒಂದು ಕುರುಹು ಉಳಿದಿದೆ: ತಿಳಿದವನು ‘ಅರಿತ’, ತಲೆಯನ್ನು ಕತ್ತರಿಸಿದವನು ‘ಅರಿದ’. ಶತ್ರು ಎಂಬ ಮೂರನೆಯ ‘ಅರಿ’ ಸಂಸ್ಕೃತದಿಂದ ಬಂದದ್ದು, ಅದಕ್ಕೂ ಇವೆರಡಕ್ಕೂ ಸಂಬಂಧವೇ ಇಲ್ಲ.

ಕಥೆಗಾರರೇ, ಇದರಿಂದ ನಿಮಗೊಂದು ಪ್ರಶ್ನೆ ಎದುರಾಗುತ್ತದೆ: ತಾತನ ನಿಘಂಟು ಯಾವುದು? ಶಾಲಾ ಮಕ್ಕಳ ಸಣ್ಣ ಕೋಶವಾದರೆ ಪೈರಿನ ಅರ್ಥ ಅದರಲ್ಲಿ ಇರುವುದೇ ಅನುಮಾನ, ಶಕಟರೇಫವಂತೂ ಇರುವುದಿಲ್ಲ. ಕಿಟೆಲ್ ಅವರ 1894ರ ಮಂಗಳೂರಿನ ನಿಘಂಟಾದರೆ ಅರ್ಥವಿವರಣೆ ಇಂಗ್ಲಿಷಿನಲ್ಲಿರುತ್ತದೆ, ಆಗ ಹುಡುಗ ಕನ್ನಡದ ಪದವನ್ನು ಇಂಗ್ಲಿಷಿನ ಮೂಲಕ ತಿಳಿಯಬೇಕಾಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾದರೆ ಅದು ಎಂಟು ಸಂಪುಟಗಳದು, ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. 1986ರಲ್ಲಿ ತೀರಿಕೊಂಡ ತಾತನ ಮನೆಯಲ್ಲಿ ಎಂಟೂ ಇರಲಾರವು. ಆದರೆ ‘ಅ’ ಇರುವುದು ಮೊದಲ ಸಂಪುಟದಲ್ಲೇ. ಹಳ್ಳಿಯ ಮೇಷ್ಟ್ರೊಬ್ಬರು ಮೊದಲ ಸಂಪುಟವನ್ನು ಕೊಂಡು, ಮುಂದಿನವನ್ನು ಕೊಳ್ಳಲಾಗದೆ ನಿಂತರು ಎಂಬುದು ತೀರ ನಂಬುವಂಥದ್ದು. ಆ ಕೆಲಸದ ನೇತೃತ್ವ ವಹಿಸಿದ್ದ ಜಿ. ವೆಂಕಟಸುಬ್ಬಯ್ಯನವರು ನಿಮ್ಮ ಮಂಡ್ಯ ಸೀಮೆಯವರೇ ಆಗಿದ್ದುದರಿಂದ, ತಾತನಿಗೆ ಆ ಪುಸ್ತಕದ ಮೇಲೆ ಅಭಿಮಾನವಿತ್ತೆಂದರೂ ಒಪ್ಪುತ್ತದೆ.

ಹಳೆಪುಸ್ತಕ

ನಮ್ಮ ತಾತನ ನಿಘಂಟೂ ನಮ್ಮ ಮನೆಯಲ್ಲಿದೆ. ಅದಕ್ಕೆ ಬೆಳ್ಳಿಹುಳು ಬಿದ್ದು ಬೆನ್ನಿನ ಅಂಟನ್ನೆಲ್ಲ ತಿಂದಿದೆ, ರಟ್ಟು ಕೈಗೇ ಬರುತ್ತದೆ. ನೀವು ಪುಸ್ತಕವನ್ನು ಅಟ್ಟದಲ್ಲಿ ಇಟ್ಟಿದ್ದೀರಿ ಎಂದು ಓದಿ ಹೇಳುತ್ತಿದ್ದೇನೆ, ದಯವಿಟ್ಟು ಕೆಳಗಿಳಿಸಿ, ಬಿಸಿಲಿಗೆ ನೇರವಾಗಿ ಇಡದೆ ಗಾಳಿಯಾಡುವ ನೆರಳಿನಲ್ಲಿ ಬಿಚ್ಚಿಡಿ. ನಮ್ಮ ಪುಸ್ತಕದಲ್ಲಿ ಮೊದಲು ಬಿಟ್ಟುಬಂದದ್ದು ‘ಅ’ದ ಹಾಳೆಗಳೇ. ಮುಂದಿನ ಮಡಿಕೆಯ ದಾರ ಮೊದಲು ಸಡಿಲವಾಗುತ್ತದೆ. ‘ಅಂಗ’ದಿಂದ ‘ಅನು’ವಿನವರೆಗೆ ನಮ್ಮ ಬಳಿ ಈಗ ಇಲ್ಲವೇ ಇಲ್ಲ. ನಿಮ್ಮದು ಎಷ್ಟು ಪುಟಗಳು ಉಳಿದಿವೆ?

ಕುವೆಂಪುನಗರದ ಕಥೆಗಾರ

ಹಳೆಪುಸ್ತಕ ಅವರೇ, ನಿಘಂಟು ಕಥೆಯೊಳಗಿನದು, ನನ್ನ ಮನೆಯದಲ್ಲ. ಹಾಗಿದ್ದರೂ ನೀವು ಹೇಳಿದ ಮಾತು ನನಗೆ ಬಹಳ ಬೇಕಾಗಿದ್ದದ್ದು. ‘ಅರಿ’ ಮುಂದಿನ ಪುಟಗಳಲ್ಲೇ ಬರುವ ಪದ. ಬಿಟ್ಟುಬಂದ ಹಾಳೆಗಳ ಗಡಿಯ ಆಚೆ ಅದು ಉಳಿದುಕೊಂಡಿರುವಂತೆ ಬರೆಯುತ್ತೇನೆ.

ಅಧ್ಯಾಪಕಿ ಮೇಡಂ ಅವರಿಗೆ ಕೃತಜ್ಞತೆಗಳು. ಮೊದಲ ಸಂಪುಟ ಒಂದೇ ಇರುವ ವಿಚಾರವನ್ನು ಹಾಗೆಯೇ ಎತ್ತಿಕೊಳ್ಳುತ್ತೇನೆ.

ನಾಲೆ ಬಯಲಿನ ರೈತ

ನಾನು ನಿಘಂಟು ನೋಡಿದವನಲ್ಲ, ಅರಿ ಎತ್ತಿದವನು. ಕಥೆಗಾರರು ಪದವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಗದ್ದೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು ಎಂಬುದು ನನ್ನ ವಿನಂತಿ.

ಭತ್ತ ಕೊಯ್ಯುವಾಗ ಎಡಗೈಯಲ್ಲಿ ಹಿಡಿಯುವಷ್ಟು ಪೈರನ್ನು ಕುಡುಗೋಲಿನಿಂದ ಕೊಯ್ದು, ಬುಡ ಒಂದು ಕಡೆಗೆ, ತೆನೆ ಒಂದು ಕಡೆಗೆ ಬರುವಂತೆ ಕೂಳೆಯ ಮೇಲೆ ಮಲಗಿಸುತ್ತಾ ಮುಂದಕ್ಕೆ ಸರಿಯುತ್ತೇವೆ. ಕೂಳೆಯ ಮೇಲೆ ಮಲಗಿಸುವುದು ತೆನೆ ಕೆಸರಿಗೆ ತಾಗದಿರಲಿ ಎಂದು. ಹೀಗೆ ಸಾಲಾಗಿ ಮಲಗಿರುವುದೇ ಅರಿ. ಮೂರು ನಾಲ್ಕು ದಿನ ಬಿಸಿಲಿಗೆ ಒಣಗಿದ ಮೇಲೆ ಅರಿಯನ್ನು ಎತ್ತಿ ಸಿವುಡು ಕಟ್ಟಿ, ಹೊರೆ ಮಾಡಿ, ಮೆದೆಗೆ ಒಯ್ಯುತ್ತೇವೆ. ಅರಿ ಬಿಡಿಯಾಗಿರುತ್ತದೆ, ಸಿವುಡನ್ನು ಕಟ್ಟಿರುತ್ತೇವೆ. ಅರಿ ‘ಬಿದ್ದಿದೆ’ ಎಂದೂ ‘ಎತ್ತಬೇಕು’ ಎಂದೂ ನಾವು ದಿನವೂ ಆಡುತ್ತಿದ್ದ ಮಾತುಗಳೇ ನಿಮ್ಮ ಚೀಟಿಯಲ್ಲಿವೆ.

ಅರಿ ನೆಲದಲ್ಲಿರುವಾಗ ರೈತನಿಗೆ ನಿದ್ದೆಯಿಲ್ಲ. ಡಿಸೆಂಬರಿನಲ್ಲಿ ಚಂಡಮಾರುತದ ಜಡಿಮಳೆ ಹಿಡಿದರೆ ಅಡಿಯ ಪದರದ ತೆನೆ ಎರಡು ಮೂರು ದಿನದಲ್ಲಿ ಮೊಳೆಯಲು ತೊಡಗುತ್ತದೆ. ಮಳೆ ಬಿಟ್ಟ ಕೂಡಲೇ ಹೋಗಿ ಅರಿಯನ್ನು ಮಗುಚಿ ಹಾಕಬೇಕು. ಕೆಟ್ಟಿದೆಯೇ ಎಂದು ತಿಳಿಯಬೇಕಾದರೆ ಮೇಲಿನ ತೆನೆಯನ್ನು ನೋಡಿ ಪ್ರಯೋಜನವಿಲ್ಲ, ಕೈಯನ್ನು ಅಡಿಗೆ ತೂರಿಸಬೇಕು. ಬಿಸಿಯಾಗಿದ್ದು ಮುಗ್ಗಲು ವಾಸನೆ ಬಂದರೆ ಮೇಲೆ ಚಿನ್ನದಂತೆ ಕಂಡರೂ ಅದು ಹೋಯಿತೆಂದೇ ಅರ್ಥ. ಹೀಗಿರುವಾಗ ನಿಮ್ಮ ತಾತ “ತಮ್ಮನೇ ಎತ್ತಲಿ” ಎಂದು ಚೀಟಿ ಬರೆದು ಪುಸ್ತಕದಲ್ಲಿಟ್ಟು ಸುಮ್ಮನಿರಲು ಸಾಧ್ಯವಿಲ್ಲ. ಅವರು ಅದನ್ನು ಆ ದಿನವೇ ಕಳಿಸಲು ಬರೆದಿರಬೇಕು. ಕಳಿಸದೆ ಹೋದದ್ದಕ್ಕೆ ಗಟ್ಟಿಯಾದ ಕಾರಣ ಬೇಕು.

ಇನ್ನೂ ಒಂದು ಮಾತು. ನಮ್ಮ ಕಡೆ ಈಗ ಕಟಾವು ಯಂತ್ರ ಗದ್ದೆಗೇ ಇಳಿದು, ಕೊಯ್ದು, ಕಾಳು ಬೇರ್ಪಡಿಸಿ, ಚೀಲಕ್ಕೆ ಸುರಿಯುತ್ತದೆ. ಅರಿ ಹಾಕುವ ಹಂತವೇ ಇಲ್ಲ. ನನ್ನ ಮಗ ಮೈಸೂರಿಗೆ ಹೋದವನಲ್ಲ, ಇಲ್ಲೇ ಇದ್ದಾನೆ, ಆದರೂ ಅವನಿಗೆ ಈ ಪದ ಗೊತ್ತಿಲ್ಲ.

ಪಾಂಡವಪುರದ ಸೊಸೆ

ಅಣ್ಣ ಹೇಳಿದ್ದನ್ನು ಓದಿದ ಮೇಲೆ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಹುಡುಗನ ಅಜ್ಜಿ ಎಲ್ಲಿದ್ದರು? ಕೊಯ್ಲಿನಲ್ಲಿ ಸೊಂಟ ಬಗ್ಗಿಸಿದ ಹೆಂಗಸು ‘ಅರಿ ಬಿದ್ದಿದೆ’ ಎಂಬ ಮಾತನ್ನು ಶತ್ರು ಎಂದು ತಿಳಿಯುವುದಿಲ್ಲ. ಅವರು ಒಮ್ಮೆ ಆ ಚೀಟಿಯನ್ನು ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗನ ತಂದೆಯೂ ಅಷ್ಟೇ, ಹಳ್ಳಿಯಲ್ಲಿ ಹುಟ್ಟಿದವರು.

ನನಗೆ ತೋಚಿದ ದಾರಿ ಇದು. ನಮ್ಮತ್ತೆಗೆ ಓದು ಬರುತ್ತಿರಲಿಲ್ಲ. ಮಾವನವರ ಪುಸ್ತಕದ ಪೆಟ್ಟಿಗೆಯನ್ನು ಅವರು ದೇವರ ಪೆಟ್ಟಿಗೆಯಂತೆ ಒರೆಸಿ ಇಡುತ್ತಿದ್ದರು, ತೆರೆಯುತ್ತಿರಲಿಲ್ಲ. ನಿಮ್ಮ ಅಜ್ಜಿಯೂ ಓದು ಬಾರದವರಾಗಿರಲಿ. ತಂದೆ 1986ರಲ್ಲಿ ಏಳೆಂಟು ವರ್ಷದ ಮಗುವಾಗಿದ್ದು, ಆಮೇಲೆ ಸೋದರಮಾವನ ಮನೆಯಲ್ಲಿ ಮೈಸೂರಿನಲ್ಲೇ ಬೆಳೆದಿರಲಿ. ಪದ ಗೊತ್ತಿದ್ದ ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ, ಅಕ್ಷರ ಗೊತ್ತಿದ್ದ ಅಪ್ಪನಿಗೆ ಪದ ಗೊತ್ತಿರಲಿಲ್ಲ. ಆಗ ಚೀಟಿ ಅಷ್ಟು ವರ್ಷ ಮನೆಯೊಳಗೇ ಇದ್ದೂ ಯಾರಿಗೂ ತಿಳಿಯದೆ ಹೋದದ್ದು ಸಹಜವಾಗುತ್ತದೆ.

ಕಳಿಸದೆ ಹೋದದ್ದಕ್ಕೂ ಅಣ್ಣ ಕೇಳಿದ ಕಾರಣ ಸಿಗುತ್ತದೆ: ತಾತ ಬರೆದ ರಾತ್ರಿಯೇ ತೀರಿಕೊಂಡಿರಲಿ. ಸಾವಿನ ಮನೆಯಲ್ಲಿ ಯಾರು ಪುಸ್ತಕ ಬಿಚ್ಚುತ್ತಾರೆ?

ನಿವೃತ್ತ ಕನ್ನಡ ಅಧ್ಯಾಪಕಿ

ಸೊಸೆಯವರ ಸಲಹೆ ಕಥೆಯ ಅರ್ಧ ಕೆಲಸವನ್ನು ಮಾಡಿಬಿಟ್ಟಿದೆ. ನಾನು ಹುಡುಗನ ಕಡೆಯಿಂದ ಒಂದು ವಿಷಯ ಹೇಳುತ್ತೇನೆ.

ಚೀಟಿಯಲ್ಲಿ “ಅರಿ ಬಿದ್ದಿದೆ” ಎಂದಿದೆ. ಶತ್ರುವಾಗಿದ್ದರೆ “ಅರಿ ಬಿದ್ದಿದ್ದಾನೆ” ಎಂದಾಗಬೇಕಿತ್ತು. ಎಂಟನೆಯ ತರಗತಿಯ ಹುಡುಗನಿಗೆ ಪುಲ್ಲಿಂಗ, ನಪುಂಸಕಲಿಂಗಗಳ ವ್ಯತ್ಯಾಸ ಗೊತ್ತಿರುತ್ತದೆ. ಅವನು ಮೊದಲು ಹೆಣವಾದ್ದರಿಂದ ‘ಇದೆ’ ಎಂದಿರಬಹುದು ಎಂದುಕೊಳ್ಳಲಿ, ಮಕ್ಕಳು ಹಾಗೆ ಯೋಚಿಸುತ್ತಾರೆ. ಆಮೇಲೆ, ತಾತ ಮೇಷ್ಟ್ರಾಗಿದ್ದವರು, ವ್ಯಾಕರಣ ತಪ್ಪುವವರಲ್ಲ ಎಂಬುದು ಅವನನ್ನು ಕಾಡಲಿ. ಆ ಒಂದು ಕ್ರಿಯಾಪದವೇ ಅವನನ್ನು ನಿಘಂಟಿಗೆ ಕರೆದೊಯ್ಯಬೇಕು. ಈಗಿನ ಕರಡಿನಲ್ಲಿ ಅವನು ಸುಮ್ಮನೆ ಪುಟ ತಿರುವುತ್ತಿದ್ದಾಗ ಅರ್ಥ ಸಿಗುತ್ತದೆ, ಅದು ಸಾಲದು. ಅವನು ಅದನ್ನು ಹುಡುಕಿ ಪಡೆಯಬೇಕು.

ಹುಡುಕುವಾಗ ಅವನು ಒಮ್ಮೆ ದಾರಿ ತಪ್ಪಲಿ ಎಂಬುದೂ ನನ್ನ ಆಸೆ. ಹಳೆಯ ಪದಗಳನ್ನು ಕೊಡುವ ನಿಘಂಟಿನಲ್ಲಿ ‘ಅರಿ’ ಒಂದು ಕಡೆ, ‘ಅಱಿ’ ಇನ್ನೊಂದು ಕಡೆ ಇರುತ್ತವೆ. ಹುಡುಗ ತಿಳಿಯುವ ಅರಿಯನ್ನು ರಕಾರದಲ್ಲಿ ಹುಡುಕಿ, ಅದು ಇರಬೇಕಾದ ರೀತಿಯಲ್ಲಿ ಇಲ್ಲದ್ದನ್ನು ಕಂಡು, ತಾತನ ಪುಸ್ತಕದಲ್ಲಿ ತಾನು ಓದಲಾರದ ಒಂದು ಅಕ್ಷರವಿದೆ ಎಂಬುದನ್ನು ಮೊದಲ ಬಾರಿಗೆ ನೋಡುತ್ತಾನೆ. ಕನ್ನಡ ಓದಲು ಬರುವ ಹುಡುಗನಿಗೆ ಕನ್ನಡದ್ದೇ ಒಂದು ಅಕ್ಷರ ಅಪರಿಚಿತವಾಗಿ ಎದುರಾಗುವ ಆ ಗಳಿಗೆಗೆ ನೀವು ಅರ್ಧ ಪುಟ ಕೊಟ್ಟರೂ ಹೆಚ್ಚಾಗದು.

ಪದಪ್ರಿಯ

ಮೇಡಂ, ಮೂಲ ಒಂದೇ ಎಂಬ ನನ್ನ ಮಾತು ತಪ್ಪೆಂದು ಒಪ್ಪುತ್ತೇನೆ. ಅರಿತ, ಅರಿದ ಎಂಬ ವ್ಯತ್ಯಾಸ ನನ್ನ ಗಮನಕ್ಕೇ ಬಂದಿರಲಿಲ್ಲ. ಹಾಗಿದ್ದರೂ ಹುಡುಗ ನನ್ನಂತೆಯೇ ತಪ್ಪು ತಿಳಿದು ಎರಡನ್ನೂ ಕೂಡಿಸಿಕೊಂಡರೆ ಕಥೆಗೆ ತೊಂದರೆಯೇನು? ಭಾಷಾಶಾಸ್ತ್ರ ಒಪ್ಪದಿದ್ದರೂ ಹುಡುಗನ ಮನಸ್ಸು ಒಪ್ಪಬಹುದು.

ನಿವೃತ್ತ ಕನ್ನಡ ಅಧ್ಯಾಪಕಿ

ಹುಡುಗ ತಪ್ಪು ತಿಳಿಯಬಹುದು, ಆದರೆ ಕಥೆ ಅದನ್ನು ನಿಜವೆಂದು ಓದುಗರ ಕೈಗೆ ಕೊಡಬಾರದು. ಪುಸ್ತಕ ಕಣ್ಣೆದುರಿಗೆ ಬೇರೆ ಬೇರೆ ಅಕ್ಷರಗಳನ್ನು ತೋರಿಸುತ್ತಿರುವಾಗ ಅವನು ಅವನ್ನು ಕೂಡಿಸಿದರೆ, ಅವನು ನಿಘಂಟನ್ನು ಓದಲೇ ಇಲ್ಲ ಎಂದಾಗುತ್ತದೆ.

ಪದಪ್ರಿಯ

ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯೇ ಉಳಿಯುತ್ತದೆ. ಕಥೆಗಾರರೇ ನಿರ್ಧರಿಸಲಿ.

ನಾಲೆ ಬಯಲಿನ ರೈತ

ಇನ್ನೊಂದು ಕೇಳಬೇಕಿತ್ತು. ಚೀಟಿ ‘ಅರಿ’ ಇರುವ ಪುಟದಲ್ಲೇ ಸಿಕ್ಕಿತೇ? ಮೊದಲ ಬರಹದಲ್ಲಿ ಅದು ಸ್ಪಷ್ಟವಾಗಿಲ್ಲ. ಅದೇ ಪುಟದಲ್ಲಿ ಸಿಕ್ಕರೆ ನಾನು ಒಪ್ಪುವುದಿಲ್ಲ. ಅರಿ ಎತ್ತಿ ಬೆಳೆದವನು ಆ ಪದದ ಅರ್ಥ ನೋಡಲು ಪುಸ್ತಕ ತೆರೆಯುವುದಿಲ್ಲ.

ಕುವೆಂಪುನಗರದ ಕಥೆಗಾರ

ನಿಜ ಹೇಳಬೇಕೆಂದರೆ ಮೊದಲ ಕರಡಿನಲ್ಲಿ ಅದೇ ಪುಟದಲ್ಲಿಟ್ಟಿದ್ದೆ, ಪೆನ್ಸಿಲಿನ ಗುರುತೂ ಇತ್ತು. ಎರಡನ್ನೂ ತೆಗೆದಿದ್ದೇನೆ. ಚೀಟಿ ಈಗ ಹಿಂದಿನ ರಟ್ಟಿನ ಒಳಮಡಿಕೆಯಲ್ಲಿದೆ. ಬೆಳಗ್ಗೆ ಕಳಿಸಬೇಕಾದ ಕಾಗದವನ್ನು ಹಾರಿಹೋಗದಿರಲೆಂದು ಕೈಗೆ ಸಿಕ್ಕ ದಪ್ಪ ಪುಸ್ತಕದಲ್ಲಿ ಸಿಕ್ಕಿಸಿದಂತೆ.

ನಿನ್ನೆ ರಾತ್ರಿ ತಿದ್ದಿದ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ:

“ಅವನು ಬೆರಳಿಟ್ಟು ಓದಿದ. ಅರಿ ಎಂದರೆ ಕತ್ತರಿಸು. ಅರಿ ಎಂದರೆ ಹಗೆ. ತಿಳಿ ಎಂಬ ಅರ್ಥ ಅಲ್ಲಿರಲಿಲ್ಲ. ಪುಸ್ತಕ ತಪ್ಪಿರಬೇಕು ಎಂದುಕೊಂಡು ಪುಟಗಳನ್ನು ಮುಂದಕ್ಕೆ ಮಗುಚಿದಾಗ ಒಂದು ಅಕ್ಷರ ಎದುರಾಯಿತು. ಅದು ಕನ್ನಡದಂತೆಯೇ ಇತ್ತು, ಆದರೆ ಅವನು ಕಲಿತ ವರ್ಣಮಾಲೆಯಲ್ಲಿ ಇರಲಿಲ್ಲ. ಅದರ ಮುಂದೆ ತಿಳಿ ಎಂದು ಬರೆದಿತ್ತು. ಹಾಗಾದರೆ ತಾತ ಬರೆದದ್ದು ಈ ಅಕ್ಷರವಲ್ಲ. ಅವನು ಚೀಟಿಯನ್ನು ದೀಪದ ಹತ್ತಿರ ಹಿಡಿದು ನೋಡಿದ. ರಕಾರವೇ. ಮತ್ತೆ ಹಿಂದಿನ ಪುಟಕ್ಕೆ ಬಂದು, ತಾನು ಓದದೆ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟ. ಕೊಯ್ದು ನೆಲದ ಮೇಲೆ ಹಾಕಿದ ಪೈರಿನ ಹಿಡಿ. ಅದು ಬಿದ್ದಿರುತ್ತದೆ. ಅದನ್ನು ಎತ್ತುತ್ತಾರೆ. ತಾತನ ವ್ಯಾಕರಣ ಸರಿಯಾಗಿತ್ತು.”

ಹಳೆಪುಸ್ತಕ

ಪ್ರಶ್ನೆಯನ್ನು ತಪ್ಪಾಗಿ ತಿಳಿದಿದ್ದಕ್ಕೆ ಕ್ಷಮೆಯಿರಲಿ. ಈ ಭಾಗ ಓದಿ, ನಮ್ಮ ಮನೆಯ ಪುಸ್ತಕದಲ್ಲಿ ಆ ಪುಟ ಇದೆಯೇ ಎಂದು ಈಗಷ್ಟೇ ನೋಡಿದೆ. ಇದೆ. ಒಂದು ಮೂಲೆ ಹೋಗಿದೆ, ಪದ ಉಳಿದಿದೆ.

ನಾಲೆ ಬಯಲಿನ ರೈತ

“ಅದು ಬಿದ್ದಿರುತ್ತದೆ. ಅದನ್ನು ಎತ್ತುತ್ತಾರೆ.” ಇಷ್ಟು ಸಾಕು. ಆ ವರ್ಷ ಅರಿ ಏನಾಯಿತು ಎಂಬುದನ್ನು ಮಾತ್ರ ಬಿಡಬೇಡಿ. ತಾತ ತೀರಿಕೊಂಡ ಮನೆಯಲ್ಲಿ ಹನ್ನೊಂದು ದಿನ ಯಾರೂ ಗದ್ದೆಗೆ ಇಳಿದಿರುವುದಿಲ್ಲ. ಅಣ್ಣನ ಪಾಲನ್ನು ಹೇಳದೆ ಮುಟ್ಟಲು ತಮ್ಮನಿಗೂ ಆಗಿರುವುದಿಲ್ಲ. ಅಷ್ಟು ದಿನ ಬಯಲಿನಲ್ಲಿ ಬಿದ್ದ ಅರಿಯಲ್ಲಿ ಇಲಿ, ಹಕ್ಕಿ, ಇಬ್ಬನಿ ಉಳಿಸಿದ್ದಷ್ಟೇ ಸಿಗುತ್ತದೆ. ಮಳೆ ಬಂದಿದ್ದರೆ ಅದೂ ಇಲ್ಲ. ಆಮೇಲೆ ಎರಡೂ ಮನೆಯವರು ಅದು ಕೊಳೆತದ್ದಕ್ಕೆ ಒಬ್ಬರನ್ನೊಬ್ಬರು ದೂರಿರುತ್ತಾರೆ. ಮಾತು ನಿಂತದ್ದು ಅಲ್ಲಿಂದಲೇ ಇರಬೇಕು.

ಕುವೆಂಪುನಗರದ ಕಥೆಗಾರ

ಮಾತು ನಿಲ್ಲಲು ಜಮೀನಿನ ವ್ಯಾಜ್ಯವೇ ಕಾರಣ ಎಂದು ಬರೆದಿದ್ದೆ. ನೀವು ಹೇಳಿದ್ದು ಅದಕ್ಕಿಂತ ಎಷ್ಟೋ ಹೆಚ್ಚು ನೋಯಿಸುತ್ತದೆ. ಹಾಗೆಯೇ ಬದಲಾಯಿಸುತ್ತೇನೆ.

ಈಗ ಉಳಿದಿರುವುದು ಕೊನೆಯ ದೃಶ್ಯ. ಹುಡುಗ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ, ಊರಿಗೆ ನಡೆದು, ಚಿಕ್ಕತಾತನ ಮುಂದೆ ಚೀಟಿಯನ್ನು ಓದುತ್ತಾನೆ. ಚಿಕ್ಕತಾತ ಅಳುತ್ತಾರೆ ಎಂದು ಬರೆದಿದ್ದೇನೆ, ನನಗೇ ಸಮಾಧಾನವಿಲ್ಲ.

ಪಾಂಡವಪುರದ ಸೊಸೆ

ಅಳಿಸಬೇಡಿ. ಎಂಬತ್ತು ದಾಟಿದ ರೈತ ಚೀಟಿಯನ್ನು ಕೇಳಿದ ಮೇಲೆ ಮೊದಲು ಕೇಳುವುದು ತಾರೀಖು. ಎಂದು ಬರೆದದ್ದು, ಮಳೆಗೆ ಮೊದಲೋ ಆಮೇಲೋ? ಮೊದಲೇ ಬರೆದಿದ್ದರೆ ಅಣ್ಣ ಕೊಟ್ಟದ್ದು ಒಳ್ಳೆಯ ಭತ್ತ. ಆಮೇಲೆ ಬರೆದಿದ್ದರೆ ಕೊಟ್ಟದ್ದು ಮೊಳೆತ ಹುಲ್ಲು. ಅವರಿಗೆ ಅದು ತಿಳಿಯಬೇಕು. ನಿಮ್ಮ ಚೀಟಿಯಲ್ಲಿ ತಾರೀಖು ಇದೆಯೇ?

ಕುವೆಂಪುನಗರದ ಕಥೆಗಾರ

ಇಲ್ಲ ಅಕ್ಕ, ನಾನು ಹಾಕಿರಲಿಲ್ಲ. ಹಾಕಬೇಕೇ, ಬೇಡವೇ ಎಂದು ಈಗ ಕುಳಿತು ಯೋಚಿಸುತ್ತಿದ್ದೇನೆ.

ನಾಲೆ ಬಯಲಿನ ರೈತ

ಮೇಷ್ಟ್ರಾಗಿದ್ದವರು ತಾರೀಖು ಹಾಕದೆ ಬರೆಯುವುದಿಲ್ಲ. ಹಾಕಿ. ಮಳೆಗೆ ಮೊದಲಿನದೇ ಹಾಕಿ.